ಸವಿತಾ ಎಚ್.ಆರ್. ಈಗ ಎಲ್ಲಿದ್ದಾರೆ?

2023ರ ಫೆಬ್ರವರಿ. ತುಮಕೂರಿನ ಒಂದು ಕಲ್ಯಾಣ ಮಂಟಪ. ಊಟ ಮುಗಿಸಿ ಕೈ ತೊಳೆಯೋಕೆ ಸಾಲಲ್ಲಿ ನಿಂತಿದ್ದೆ. ಹಿಂದಿನಿಂದ ಯಾರೋ "ಎಚ್.ಆರ್. ಅಲ್ವೇನಮ್ಮಾ?" ಅಂದರು. ಆ ಹೆಸರಿನಿಂದ ನನ್ನನ್ನು ಯಾರೂ ಕರೆದು ಎಂಟು ವರ್ಷ ಆಗಿತ್ತು. ತಿರುಗಿ ನೋಡಿದರೆ ನನ್ನ ಮೊದಲ ಕೆಲಸದ ಮ್ಯಾನೇಜರ್. ತಲೆ ಪೂರ್ತಿ ಬೆಳ್ಳಗಾಗಿತ್ತು, ಧ್ವನಿ ಮಾತ್ರ ಅದೇ. ಕುಶಲ ಕೇಳಿದ ಮೇಲೆ ಅವರು ಹೇಳಿದ ಮಾತು ಇವತ್ತಿಗೂ ಮನಸ್ಸಿನಿಂದ ಹೋಗಿಲ್ಲ. "ಹೋದ ವರ್ಷ ನಿನ್ನನ್ನ ಎಷ್ಟು ಹುಡುಕಿದೆ ಕಣಮ್ಮಾ. ದಾಬಸ್‌ಪೇಟೆ ಪ್ಲಾಂಟಲ್ಲಿ ಕ್ವಾಲಿಟಿಗೆ ಒಬ್ಬರು ಬೇಕಿತ್ತು. ನಿನ್ನದೇ ಕೆಲಸ ಅದು. ಫೋನ್ ನಂಬರ್ ಹೋಗಿತ್ತು. ಲಿಂಕ್ಡ್‌ಇನ್‌ನಲ್ಲಿ ಹುಡುಕಿದ್ರೆ ಬೇರೆ ಬೇರೆ ಸವಿತಾ ಬರ್ತಾರೆ, ನೀನು ಬರಲ್ಲ. ಕೆಲಸ ಬಿಟ್ಟು ಮನೆಲಿದ್ದೀಯ ಅಂದ್ಕೊಂಡೆ."

ನಾನು ಲಿಂಕ್ಡ್‌ಇನ್‌ನಲ್ಲಿ ಇದ್ದೆ. 2011ರಿಂದ ಇದ್ದೆ. ಅಷ್ಟೇ ಅಲ್ಲ, 2022ರಲ್ಲಿ, ಅವರು ಹುಡುಕುತ್ತಿದ್ದ ಅದೇ ತಿಂಗಳುಗಳಲ್ಲಿ, ಮಗಳು ಶಾಲೆಗೆ ಸೇರಿದ ಮೇಲೆ ನಾನು ದಿನಾ ಅದರಲ್ಲೇ ಕೂತು ಕೆಲಸ ಹುಡುಕುತ್ತಿದ್ದೆ. ಇಬ್ಬರೂ ಒಂದೇ ಜಾಗದಲ್ಲಿ ಒಬ್ಬರನ್ನೊಬ್ಬರು ಹುಡುಕುತ್ತಾ ಇದ್ದೆವು. ನಡುವೆ ಇದ್ದದ್ದು ಒಂದು ಹೆಸರು. ಅವರಿಗೆ ನಾನು ಸವಿತಾ ಎಚ್.ಆರ್. ಪ್ರೊಫೈಲ್‌ನಲ್ಲಿ ಇದ್ದದ್ದು ಸವಿತಾ ಪ್ರಕಾಶ್.

ಆ ರಾತ್ರಿ ಮನೆಗೆ ಬಂದು ಲ್ಯಾಪ್‌ಟಾಪ್ ತೆಗೆದು, ಅವರು ಹುಡುಕಿದ ಹಾಗೇ ನನ್ನನ್ನು ನಾನು ಹುಡುಕಿದೆ. ಆಗ ಗೊತ್ತಾಗಿದ್ದನ್ನು, ಆಮೇಲೆ ಆರು ತಿಂಗಳಲ್ಲಿ ಕಲಿತದ್ದನ್ನು ಇಲ್ಲಿ ಬರೆಯುತ್ತಿದ್ದೇನೆ. ಮದುವೆಯಾದ ಮೇಲೆ ಹೆಸರು ಬದಲಿಸಬೇಕೋ ಬೇಡವೋ ಅನ್ನೋ ಚರ್ಚೆ ಇದಲ್ಲ. ಬದಲಿಸಲೇಬೇಕು ಅಂತ ನಮ್ಮ ದೇಶದ ಯಾವ ಕಾನೂನೂ ಹೇಳುವುದಿಲ್ಲ. ನಾನು ಬದಲಿಸಿದೆ. ಬದಲಿಸುವಾಗ ಹಳೇ ಹೆಸರಿಗೆ ಏನು ಮಾಡಬೇಕಿತ್ತು ಅನ್ನೋದಷ್ಟೇ ಇಲ್ಲಿಯ ಮಾತು.

ಇನಿಷಿಯಲ್ ಅನ್ನೋ ಹೆಸರು

ನಮ್ಮ ಕಡೆಯ ಹೆಸರುಗಳ ಕಥೆ ನಿಮಗೇ ಗೊತ್ತು. ಎಚ್ ಅಂದರೆ ಹುಲಿಯೂರುದುರ್ಗ, ಆರ್ ಅಂದರೆ ಅಪ್ಪ ರಾಮಣ್ಣ. ಶಾಲೆಯಲ್ಲಿ, ಡಿಪ್ಲೊಮಾದಲ್ಲಿ, ಪೀಣ್ಯದ ಫ್ಯಾಕ್ಟರಿಯಲ್ಲಿ ನಾನು ಸವಿತಾ ಎಚ್.ಆರ್. ಆ ಫ್ಯಾಕ್ಟರಿಯಲ್ಲಿ ಮೂವರು ಸವಿತಾ ಇದ್ದೆವು. ಅಕೌಂಟ್ಸ್‌ನಲ್ಲಿ ಸವಿತಾ ಕೆ., ಸ್ಟೋರ್ಸ್‌ನಲ್ಲಿ ಸವಿತಾ ಬಿ.ಎಂ., ಇನ್‌ಸ್ಪೆಕ್ಷನ್‌ನಲ್ಲಿ ನಾನು. ಶಾಪ್ ಫ್ಲೋರ್‌ನಲ್ಲಿ ಯಾರೂ ಸವಿತಾ ಅನ್ನುತ್ತಲೇ ಇರಲಿಲ್ಲ. "ಎಚ್ಆರ್ ಮೇಡಂನ ಕರಿ, ಗೇಜ್ ತೋರಿಸಬೇಕು" ಅನ್ನುತ್ತಿದ್ದರು. ಇನಿಷಿಯಲ್ಲೇ ನನ್ನ ಹೆಸರಾಗಿತ್ತು.

ಈಗ ಅದನ್ನು ಲಿಂಕ್ಡ್‌ಇನ್‌ನ ಹುಡುಕುವ ಜಾಗದಲ್ಲಿ Savitha HR ಅಂತ ಟೈಪ್ ಮಾಡಿ ನೋಡಿ. ಎಚ್ಆರ್ ಇಲಾಖೆಯಲ್ಲಿ ಕೆಲಸ ಮಾಡುವ ಸವಿತಾಗಳೆಲ್ಲ ಸಾಲಾಗಿ ಬರುತ್ತಾರೆ. ಎಚ್ಆರ್ ಮ್ಯಾನೇಜರ್ ಸವಿತಾ, ಎಚ್ಆರ್ ಎಕ್ಸಿಕ್ಯೂಟಿವ್ ಸವಿತಾ. ನಮ್ಮ ಮ್ಯಾನೇಜರ್ ನೋಡಿದ "ಬೇರೆ ಬೇರೆ ಸವಿತಾ" ಇವರೇ. ಅವರು ಎರಡು ಮೂರು ಪುಟ ನೋಡಿ ಬಿಟ್ಟಿದ್ದಾರೆ. ಯಾರಾದರೂ ಅಷ್ಟೇ ಮಾಡುತ್ತಾರೆ. ಎಲ್ಲರ ಇನಿಷಿಯಲ್ಲೂ ಒಂದು ಇಲಾಖೆಯ ಹೆಸರಾಗಿರುವುದಿಲ್ಲ, ನಿಜ. ಆದರೆ ಒಂದೇ ಅಕ್ಷರದ ಇನಿಷಿಯಲ್ ಇರುವವರ ಕಷ್ಟ ಇನ್ನೂ ಜಾಸ್ತಿ. ಲಕ್ಷ್ಮಿ ಎಸ್., ಮಂಜುಳಾ ಆರ್. ಅಂತ ಎಷ್ಟು ಜನ ಇದ್ದಾರೆ, ಯೋಚನೆ ಮಾಡಿ. ಹಳೇ ಹೆಸರಲ್ಲೇ ಇದ್ದರೂ ಅವರನ್ನು ಹುಡುಕುವುದು ಸುಲಭವಲ್ಲ. ಅಂಥ ಹೆಸರನ್ನು ಪೂರ್ತಿ ತೆಗೆದು ಹಾಕಿಬಿಟ್ಟರೆ ಹುಡುಕುವವರಿಗೆ ಹಿಡಿದುಕೊಳ್ಳೋಕೆ ಏನೂ ಉಳಿಯುವುದಿಲ್ಲ.

ನನ್ನ ವಿಷಯದಲ್ಲಿ ಇನ್ನೊಂದು ಹೆಸರೂ ಇತ್ತು. 2012ರಲ್ಲಿ ಕಂಪನಿ ಕೆಲಸದ ಮೇಲೆ ಜರ್ಮನಿಗೆ ಹೋಗಬೇಕಾಗಿ ಪಾಸ್‌ಪೋರ್ಟ್ ಮಾಡಿಸಿದೆ. ಪಾಸ್‌ಪೋರ್ಟ್‌ನಲ್ಲಿ ಇನಿಷಿಯಲ್ ನಡೆಯುವುದಿಲ್ಲ, ಬಿಡಿಸಿ ಬರೆಯಬೇಕು. ಅಪ್ಪನ ಹೆಸರು ಸರ್‌ನೇಮ್ ಜಾಗಕ್ಕೆ ಹೋಯಿತು. ಅಲ್ಲಿಯ ಗ್ರಾಹಕ ಕಂಪನಿಯವರು ಎರಡು ವಾರವೂ ನನ್ನನ್ನು "ಮಿಸ್ ರಾಮಣ್ಣ" ಅಂತ ಕರೆದರು. ಗೇಟ್ ಪಾಸ್‌ನಲ್ಲಿ ಅದೇ ಹೆಸರು, ಅವರ ಮೇಲ್‌ಗಳಲ್ಲೂ ಅದೇ. ಮದುವೆಯಾಗಿದ್ದು 2014ರಲ್ಲಿ. ಅಲ್ಲಿಗೆ ಮೂರು ಹೆಸರಾಯಿತು. ಪೀಣ್ಯಕ್ಕೆ ಎಚ್.ಆರ್., ಜರ್ಮನಿಯವರಿಗೆ ರಾಮಣ್ಣ, 2014ರ ನಂತರ ಸಿಕ್ಕವರಿಗೆ ಪ್ರಕಾಶ್.

ಇದನ್ನೆಲ್ಲ ಒಂದು ಹಾಳೆ ಮೇಲೆ ಬರೆದುಕೊಂಡ ಮೇಲೆ ನನಗೆ ಒಂದು ವಿಷಯ ಸ್ಪಷ್ಟ ಆಯಿತು. ಪ್ರೊಫೈಲ್‌ನಲ್ಲಿ ಹೆಸರು ಬದಲಿಸುವಾಗ ನಾನು "ನಾನೀಗ ಯಾರು" ಅಂತ ಯೋಚಿಸಿದ್ದೆ. ಹುಡುಕುವವರಿಗೆ ಅದು ಗೊತ್ತೇ ಇರುವುದಿಲ್ಲ. ಅವರು ಟೈಪ್ ಮಾಡುವುದು ತಮಗೆ ನೆನಪಿರುವ ಹೆಸರನ್ನು, ತಮಗೆ ನೆನಪಿರುವ ಸ್ಪೆಲ್ಲಿಂಗ್‌ನಲ್ಲಿ. ಪುಣೆಯ ಒಬ್ಬ ಸಪ್ಲೈಯರ್ ನನ್ನ ಹೆಸರನ್ನು ಯಾವತ್ತೂ Savita ಅಂತಲೇ ಬರೆಯುತ್ತಿದ್ದರು. ನಮ್ಮ ಕಡೆಯ th ಉತ್ತರದ ಕಡೆಯವರ ಬೆರಳಿಗೆ ಬರುವುದೇ ಇಲ್ಲ.

ಹೆಸರು ಇತ್ತು, ಆದರೆ ಕಾಣುತ್ತಿರಲಿಲ್ಲ

ಲಿಂಕ್ಡ್‌ಇನ್‌ನಲ್ಲಿ ಹಳೇ ಹೆಸರಿಗೆ ಅಂತಲೇ ಒಂದು ಜಾಗ ಇದೆ. ಪ್ರೊಫೈಲ್‌ನ ಮೇಲ್ಭಾಗದಲ್ಲಿರುವ ಪೆನ್ಸಿಲ್ ಗುರುತು ಒತ್ತಿದರೆ First name, Last name ಜೊತೆಗೆ Additional name ಅಂತ ಬರುತ್ತದೆ. ಅದರಲ್ಲಿ ಬರೆದದ್ದು ಹೆಸರಿನ ಮಧ್ಯೆ ಬ್ರಾಕೆಟ್‌ನಲ್ಲಿ ಕಾಣುತ್ತದೆ. ಆ ಜಾಗ ನನಗೆ ಗೊತ್ತಿರಲಿಲ್ಲ ಅಂತಲ್ಲ. 2014ರಲ್ಲೇ ಅಲ್ಲಿ ಎಚ್.ಆರ್. ಅಂತ ಬರೆದಿದ್ದೆ. ನೋಡಿದರೆ ಹೆಸರು ಅಲ್ಲೇ ಇದೆ. ಹಾಗಿದ್ದರೆ ಮ್ಯಾನೇಜರ್‌ಗೆ ಯಾಕೆ ಸಿಗಲಿಲ್ಲ?

ಆ ಹೆಸರು ಯಾರಿಗೆ ಕಾಣಬೇಕು ಅನ್ನೋ ಆಯ್ಕೆ ಅದರ ಜೊತೆಗೇ ಇರುತ್ತದೆ. ನಿಮ್ಮ ಕನೆಕ್ಷನ್‌ಗಳಿಗೆ ಮಾತ್ರ, ನಿಮ್ಮ ನೆಟ್‌ವರ್ಕ್‌ಗೆ, ಅಥವಾ ಎಲ್ಲರಿಗೂ. ನನ್ನದು ಕನೆಕ್ಷನ್‌ಗಳಿಗೆ ಮಾತ್ರ ಅಂತ ಇತ್ತು. ನಾನೇ ಹಾಗೆ ಇಟ್ಟಿದ್ದೆನೋ, ಸುಮ್ನೆ ಬಿಟ್ಟಿದ್ದೆನೋ ನೆನಪಿಲ್ಲ. ಇದರ ಅರ್ಥ ಏನು ನೋಡಿ. ನನ್ನ ಹಳೇ ಹೆಸರು ಕಾಣುತ್ತಿದ್ದದ್ದು ಈಗಾಗಲೇ ನನ್ನ ಜೊತೆ ಸೇರಿಕೊಂಡವರಿಗೆ, ಅಂದರೆ ನನ್ನನ್ನು ಹುಡುಕುವ ಅಗತ್ಯವೇ ಇಲ್ಲದವರಿಗೆ. ನಮ್ಮ ಮ್ಯಾನೇಜರ್ ಲಿಂಕ್ಡ್‌ಇನ್‌ಗೆ ಬಂದದ್ದೇ 2020ರಲ್ಲಿ. ಅವರು ನನ್ನ ಕನೆಕ್ಷನ್ ಆಗಿರಲಿಲ್ಲ. ಅವರಿಗೆ ನಾನು ಬರೀ ಸವಿತಾ ಪ್ರಕಾಶ್ ಆಗಿ, ಎಲ್ಲೋ ಕೆಳಗೆ, ಫೋಟೋದಲ್ಲಿ ಕನ್ನಡಕ ಹಾಕಿಕೊಂಡ ಬೇರೆ ಯಾರೋ ಆಗಿ ಇದ್ದೆ.

ಇಷ್ಟು ಸಣ್ಣ ವಿಷಯ. ಇದೊಂದನ್ನು "ಎಲ್ಲರಿಗೂ" ಅಂತ ಬದಲಿಸಿದೆ. ಆಮೇಲೆ ಆ ಜಾಗದಲ್ಲಿ ಏನು ಬರೆಯಬೇಕು ಅಂತ ಯೋಚಿಸಿದೆ. ಎಚ್.ಆರ್. ಅಂತ ಮಾತ್ರ ಇದ್ದರೆ Savitha (H R) Prakash ಅಂತ ಕಾಣುತ್ತದೆ. ಗೊತ್ತಿಲ್ಲದವರು ಇವರು ಎಚ್ಆರ್ ಇಲಾಖೆಯವರು ಅಂದುಕೊಳ್ಳುತ್ತಾರೆ. ನಿಜಕ್ಕೂ ಒಬ್ಬ ಹುಡುಗ ನನಗೆ ರೆಸ್ಯೂಮೆ ಕಳಿಸಿ ಕೆಲಸ ಕೇಳಿದ್ದ, ಪಾಪ. ಜೊತೆಗೆ ಹಳೇ ಹೆಸರಿಗೆ ಇರುವುದು ಒಂದೇ ಜಾಗ, ನನ್ನ ಹಳೇ ಹೆಸರು ಎರಡು. ಕೊನೆಗೆ H R Ramanna ಅಂತ ಬರೆದೆ. ಪೀಣ್ಯದವರಿಗೆ ಎಚ್.ಆರ್. ಇದೆ, ಜರ್ಮನಿಯವರಿಗೆ ರಾಮಣ್ಣ ಇದೆ. ಅಪ್ಪನ ಹೆಸರು ಪೂರ್ತಿ ಕಂಡಾಗ ಎಚ್ಆರ್ ಇಲಾಖೆ ಅನ್ನೋ ಗೊಂದಲವೂ ಹೋಗುತ್ತದೆ. ಎರಡು ದಿನ ಬಿಟ್ಟು ತಂಗಿಯ ಅಕೌಂಟ್‌ನಿಂದ ಹುಡುಕಿಸಿದೆ. ಅವಳು ನನ್ನ ಕನೆಕ್ಷನ್ ಅಲ್ಲ, ಅದಕ್ಕೇ ಅವಳನ್ನು ಕೇಳಿದ್ದು. ಸವಿತಾ ರಾಮಣ್ಣ ಅಂದರೆ ಸಿಕ್ಕಿದೆ. ಸವಿತಾ ಎಚ್.ಆರ್. ಜೊತೆ ಹಳೇ ಕಂಪನಿಯ ಹೆಸರು ಸೇರಿಸಿದರೆ ಸಿಕ್ಕಿದೆ. ಬರೀ ಸವಿತಾ ಎಚ್.ಆರ್. ಅಂದಾಗ ಮಾತ್ರ ಇನ್ನೂ ಕೆಳಗೇ ಇದ್ದೆ.

ಈ ಪರೀಕ್ಷೆಯನ್ನು ನಿಮ್ಮದೇ ಅಕೌಂಟ್‌ನಲ್ಲಿ ಮಾಡಿದರೆ ಪ್ರಯೋಜನ ಇಲ್ಲ. ನಿಮಗೆ ನೀವು ಯಾವಾಗಲೂ ಸಿಗುತ್ತೀರಿ. ಬೇರೆಯವರ ಅಕೌಂಟ್‌ನಿಂದ ನೋಡಿಸಿ. ಗೂಗಲ್‌ನಲ್ಲೂ ಲಾಗಿನ್ ಇಲ್ಲದ ಕಿಟಕಿ ತೆರೆದು, ನಿಮ್ಮ ಹಳೇ ಹೆಸರು ಹಾಕಿ ಹೀಗೆ ಹುಡುಕಿ:

```
site:linkedin.com/in "Savitha Ramanna"
```

ಗೂಗಲ್‌ನಲ್ಲಿ ಹೊಸ ಮಾಹಿತಿ ಬರೋಕೆ ಸ್ವಲ್ಪ ವಾರಗಳೇ ಬೇಕಾಗಬಹುದು. ಸಾರ್ವಜನಿಕ ಪ್ರೊಫೈಲ್‌ನಲ್ಲಿ ಯಾವ ಭಾಗ ಕಾಣಬೇಕು ಅನ್ನೋದನ್ನು ನೀವು ಮುಚ್ಚಿಟ್ಟಿದ್ದರೆ ಅದು ಬರುವುದೂ ಇಲ್ಲ. ಇದಕ್ಕೇ ನಾನು About ಭಾಗದ ಮೊದಲ ಸಾಲಲ್ಲಿ ನೇರವಾಗಿ ಬರೆದೆ: "2014ರವರೆಗೆ ಸವಿತಾ ಎಚ್.ಆರ್. ಹೆಸರಲ್ಲಿ ಪೀಣ್ಯದಲ್ಲಿ ಕೆಲಸ ಮಾಡಿದ್ದೇನೆ, ಕೆಲವರಿಗೆ ಸವಿತಾ ರಾಮಣ್ಣ ಆಗಿ ಪರಿಚಯ." ಇಂಗ್ಲಿಷ್‌ನಲ್ಲೇ ಬರೆದಿದ್ದೇನೆ, ಅರ್ಥ ಇದು. ಯಾರೋ ಅನುಮಾನದಿಂದ ಪ್ರೊಫೈಲ್ ತೆರೆದರೆ ಒಂದೇ ಸಾಲಿಗೆ ಅನುಮಾನ ಹೋಗಬೇಕು.

ಮುಟ್ಟದೇ ಬಿಟ್ಟದ್ದು

ಹೆಸರು ಬದಲಿಸುವ ಉತ್ಸಾಹದಲ್ಲಿ ಎಲ್ಲವನ್ನೂ ಬದಲಿಸುವವರನ್ನು ನೋಡಿದ್ದೇನೆ. ಪ್ರೊಫೈಲ್‌ನ ವಿಳಾಸ, ಅಂದರೆ linkedin.com/in/ ಆದ ಮೇಲೆ ಬರುವ ಭಾಗ, ಹೆಸರು ಬದಲಿಸಿದರೆ ತಾನಾಗಿ ಬದಲಾಗುವುದಿಲ್ಲ. ನನ್ನದರಲ್ಲಿ ಇನ್ನೂ ಹಳೇ ಹೆಸರೇ ಇದೆ. ಬೇಕೆಂದೇ ಹಾಗೆ ಬಿಟ್ಟೆ. ಆ ಲಿಂಕ್ ನನ್ನ ಹಳೇ ರೆಸ್ಯೂಮೆಗಳಲ್ಲಿದೆ, ಹಳೇ ಮೇಲ್‌ಗಳ ಕೆಳಗಿನ ಸಹಿಯಲ್ಲಿದೆ, ಯಾರದೋ ಎಕ್ಸೆಲ್ ಶೀಟ್‌ನಲ್ಲಿದೆ. ಅದನ್ನು ಒತ್ತಿದವರು ಈಗಲೂ ನೇರ ನನ್ನ ಹತ್ತಿರ ಬರುತ್ತಾರೆ. ಹೊಸ ಹೆಸರಿನ ಅಂದಕ್ಕಾಗಿ ಅದನ್ನು ಕಳೆದುಕೊಳ್ಳುವುದು ನನಗೆ ಸರಿ ಅನ್ನಿಸಲಿಲ್ಲ.

ಹಳೇ ಶಿಫಾರಸುಗಳೂ ಹಾಗೇ. ನನ್ನ ಜೊತೆ ಕೆಲಸ ಮಾಡಿದ ಇಬ್ಬರು 2013ರಲ್ಲಿ ನನ್ನ ಬಗ್ಗೆ ಬರೆದ ಮಾತು ಪ್ರೊಫೈಲ್‌ನಲ್ಲಿದೆ. ಅದರೊಳಗೆ ನನ್ನ ಹಳೇ ಹೆಸರೇ ಇದೆ. ಅದನ್ನು ಹೊಸ ಹೆಸರಿಗೆ ತಿದ್ದಿಕೊಡಿ ಅಂತ ಅವರನ್ನು ಕೇಳಬೇಕು ಅಂದುಕೊಂಡಿದ್ದೆ. ಕೇಳದೇ ಇದ್ದದ್ದು ಒಳ್ಳೆಯದಾಯಿತು. ಹಳೇ ಹೆಸರೂ ಹೊಸ ಹೆಸರೂ ಒಬ್ಬರದೇ ಅನ್ನೋದಕ್ಕೆ ಮೂರನೆಯವರು ಬರೆದ ಸಾಕ್ಷಿ ಅದು.

ಇಮೇಲ್ ವಿಷಯ ಒಂದು ಮಾತು. ನಾನು ಅಕೌಂಟ್ ತೆರೆದದ್ದು ಫ್ಯಾಕ್ಟರಿಯ ಆಫೀಸ್ ಮೇಲ್‌ನಿಂದ. ಕೆಲಸ ಬಿಟ್ಟ ದಿನ ಆ ಮೇಲ್ ಮುಚ್ಚಿತು. ಅದಕ್ಕೂ ಮೊದಲು ಸ್ವಂತ ಜಿಮೇಲ್ ಸೇರಿಸಿ ಅದನ್ನೇ ಮುಖ್ಯ ಮಾಡಿದ್ದರಿಂದ ಉಳಿದುಕೊಂಡೆ. ಎಷ್ಟೋ ಹೆಂಗಸರು ಮದುವೆಯಾಗಿ ಊರು ಬಿಡುವಾಗ ಕೆಲಸವನ್ನೂ ಬಿಟ್ಟಿರುತ್ತಾರೆ. ಆಮೇಲೆ ಪಾಸ್‌ವರ್ಡ್ ಮರೆತು, ಹಳೇ ಅಕೌಂಟ್ ತೆರೆಯೋಕಾಗದೆ, ಹೊಸ ಹೆಸರಲ್ಲಿ ಹೊಸ ಅಕೌಂಟ್ ಮಾಡುತ್ತಾರೆ. ಹಳೇ ಪರಿಚಯದವರೆಲ್ಲ ಹಳೇ ಅಕೌಂಟ್‌ಗೆ ಮೆಸೇಜ್ ಹಾಕುತ್ತಾ ಇರುತ್ತಾರೆ. ಅದನ್ನು ಯಾರೂ ಓದುವುದಿಲ್ಲ.

"ಈ ಹೆಸರಿನವರು ನಮ್ಮಲ್ಲಿ ಇರಲಿಲ್ಲ"

ಪ್ರೊಫೈಲ್ ಸರಿ ಮಾಡಿದ ಐದು ತಿಂಗಳಿಗೆ ನನಗೆ ಕೆಲಸ ಸಿಕ್ಕಿತು. ಆಫರ್ ಲೆಟರ್ ಬಂತು, ಹಿನ್ನೆಲೆ ಪರಿಶೀಲನೆಯ ಫಾರಂ ತುಂಬಿ ಕಳಿಸಿದೆ. ಹತ್ತು ದಿನ ಬಿಟ್ಟು ಹೊಸ ಕಂಪನಿಯ ಹುಡುಗಿ ಫೋನ್ ಮಾಡಿದಳು. "ಮ್ಯಾಮ್, ನಿಮ್ಮ ಮೊದಲ ಕಂಪನಿಯಿಂದ ರಿಪ್ಲೈ ಬಂದಿದೆ. ಈ ಹೆಸರಿನವರು ನಮ್ಮಲ್ಲಿ ಕೆಲಸ ಮಾಡಿಲ್ಲ ಅಂತ ಹೇಳ್ತಿದ್ದಾರೆ. ರಿಪೋರ್ಟ್ ಆಂಬರ್ ಬಂದಿದೆ, ಅಂದ್ರೆ ಪೂರ್ತಿ ಹೊಂದ್ತಿಲ್ಲ ಅಂತ. ನಿಮ್ಮ ಹತ್ರ ಏನಾದ್ರೂ ಪ್ರೂಫ್ ಇದ್ಯಾ?"

ಐದು ವರ್ಷ ಕೆಲಸ ಮಾಡಿದ ಜಾಗ. ಬೆಳಗ್ಗೆ ಆರರ ಶಿಫ್ಟ್‌ಗೆ ಜಾಲಹಳ್ಳಿ ಕ್ರಾಸ್‌ನಲ್ಲಿ ಬಸ್ಸಿಳಿದು ನಡೆದುಕೊಂಡು ಹೋಗುತ್ತಿದ್ದ ಜಾಗ. ಫೋನ್ ಇಟ್ಟು ಸ್ವಲ್ಪ ಹೊತ್ತು ಹಾಗೇ ಕೂತಿದ್ದೆ. ಆಮೇಲೆ ಎದ್ದು ಅಟ್ಟದ ಮೇಲಿನ ಸೂಟ್‌ಕೇಸ್ ಇಳಿಸಿದೆ. ಅದರ ಅಡಿಯಲ್ಲಿ ಪ್ಲಾಸ್ಟಿಕ್ ಕವರಿನಲ್ಲಿ ನನ್ನ ಹಳೇ ಐಡಿ ಕಾರ್ಡ್ ಇತ್ತು. ಲ್ಯಾಮಿನೇಷನ್ ಒಂದು ಮೂಲೆಯಲ್ಲಿ ಎದ್ದಿತ್ತು, ಕಟಿಂಗ್ ಆಯಿಲ್‌ನ ಕಲೆ ಇನ್ನೂ ಇತ್ತು. ಹೆಸರಿನ ಜಾಗದಲ್ಲಿ ದೊಡ್ಡ ಅಕ್ಷರಗಳಲ್ಲಿ H.R. SAVITHA. ಇನಿಷಿಯಲ್ ಮುಂದೆ, ಹೆಸರು ಹಿಂದೆ. ನಮ್ಮ ಹಳೇ ಫ್ಯಾಕ್ಟರಿಗಳ ರಿಜಿಸ್ಟರ್‌ಗಳಲ್ಲಿ ಹಾಗೇ ಬರೆಯುತ್ತಿದ್ದರು. ಅದರ ಕೆಳಗೆ ಟೋಕನ್ ನಂಬರ್, ಫ್ಯಾಕ್ಟರಿಯವರು ಪ್ರತಿ ಕೆಲಸಗಾರರಿಗೂ ಕೊಡುವ ನಂಬರ್.

ಏನಾಗಿತ್ತು ಅಂತ ಆಗ ಅರ್ಥವಾಯಿತು. ಪರಿಶೀಲನೆ ಮಾಡುವ ಏಜೆನ್ಸಿಯವರು ಸವಿತಾ ಪ್ರಕಾಶ್ ಅಂತ ಬರೆದು ಮೇಲ್ ಕಳಿಸಿದ್ದಾರೆ. ಆ ಹೊತ್ತಿಗೆ ಹಳೇ ಕಂಪನಿಯನ್ನು ಬೇರೆಯವರು ಕೊಂಡುಕೊಂಡಿದ್ದರು. ಎಚ್ಆರ್‌ನಲ್ಲಿ ನನ್ನನ್ನು ಕಂಡವರು ಒಬ್ಬರೂ ಇರಲಿಲ್ಲ. ಹೊಸಬರು ಪಟ್ಟಿಯಲ್ಲಿ ಆ ಹೆಸರು ಹುಡುಕಿದ್ದಾರೆ, ಇಲ್ಲ ಅಂದಿದ್ದಾರೆ. ಅವರು ಸುಳ್ಳು ಹೇಳಿಲ್ಲ. ತಪ್ಪು ನನ್ನ ಫಾರಂನಲ್ಲಿ ಶುರುವಾಗಿತ್ತು. "ಹಿಂದೆ ಬಳಸಿದ ಬೇರೆ ಹೆಸರು" ಅನ್ನೋ ಜಾಗವನ್ನು ಖಾಲಿ ಬಿಟ್ಟಿದ್ದೆ. ಪ್ರೊಫೈಲ್‌ನಲ್ಲಿ ಮೂರೂ ಹೆಸರು ಬರೆದವಳು ಇಲ್ಲಿ ಯಾಕೆ ಬಿಟ್ಟೆನೋ. ಸರ್ಟಿಫಿಕೇಟ್ ಜೊತೆಗಿದೆಯಲ್ಲ, ನೋಡಿಕೊಳ್ಳುತ್ತಾರೆ ಅಂದುಕೊಂಡಿದ್ದೆ ಅನ್ನಿಸುತ್ತದೆ.

ಸರಿಪಡಿಸೋಕೆ ನಾನು ಕಳಿಸಿದ್ದು ಇಷ್ಟು. ಮೊದಲನೆಯದು ಹಳೇ ಹೆಸರು ರಿಜಿಸ್ಟರ್‌ನಲ್ಲಿ ಇದ್ದ ಹಾಗೇ, ಜೊತೆಗೆ ಟೋಕನ್ ನಂಬರ್ ಮತ್ತು ಸೇರಿದ, ಬಿಟ್ಟ ತಾರೀಖು. ಇದೇ ಮುಖ್ಯ. ಯಾಕಂದರೆ ಹಳೇ ಕಂಪನಿಯವರು ಹುಡುಕುವುದು ಇದನ್ನು ಹಿಡಿದೇ. ಎರಡನೆಯದು ಮದುವೆ ನೋಂದಣಿಯ ಪ್ರಮಾಣಪತ್ರ. ಅದರಲ್ಲಿ ಒಂದು ಸೂಕ್ಷ್ಮ ಇದೆ. ಸಬ್ ರಿಜಿಸ್ಟ್ರಾರ್ ಕಚೇರಿಯ ಆ ಪತ್ರದಲ್ಲಿ ಸವಿತಾ ಪ್ರಕಾಶ್ ಅನ್ನೋ ಹೆಸರೇ ಇಲ್ಲ. ಇರುವುದು ವಧು ಸವಿತಾ ಎಚ್.ಆರ್., ತಂದೆ ರಾಮಣ್ಣ, ಮತ್ತು ವರ ಪ್ರಕಾಶ್. ಹಳೇ ಹೆಸರಿನವಳು ಈ ಪ್ರಕಾಶ್‌ನನ್ನು ಮದುವೆಯಾದಳು ಅಂತ ಅದು ಹೇಳುತ್ತದೆ. ಹೊಸ ಹೆಸರು ಎಲ್ಲಿಂದ ಬಂತು ಅಂತ ಅದರಿಂದ ಗೊತ್ತಾಗುತ್ತದೆ, ಅಷ್ಟೇ. ಹಾಗಾಗಿ ಅದರ ಜೊತೆ ಹೊಸ ಹೆಸರಿನ ಆಧಾರ್ ಅಥವಾ ಪ್ಯಾನ್ ಇಡಲೇಬೇಕು. ಮದುವೆಯಿಂದಲ್ಲದೆ ಬೇರೆ ಕಾರಣಕ್ಕೆ ಪೂರ್ತಿ ಹೆಸರು ಬದಲಿಸಿದವರಿಗೆ ಈ ಕೆಲಸವನ್ನು ಗೆಜೆಟ್ ಪ್ರಕಟಣೆ ಮಾಡುತ್ತದೆ. ಅದರಲ್ಲಿ ಹಳೇ ಹೆಸರು, ಹೊಸ ಹೆಸರು ಎರಡೂ ಅಕ್ಕಪಕ್ಕ ಇರುತ್ತವೆ. ಆ ಒಂದು ಪುಟವನ್ನು ಜೋಪಾನ ಮಾಡಿ.

ಮೂರನೆಯದು ಪಿಎಫ್. ಹೆಸರು ಬದಲಾದರೂ ಪ್ಯಾನ್ ನಂಬರ್ ಬದಲಾಗುವುದಿಲ್ಲ, ಪಿಎಫ್ ಸದಸ್ಯರ ಖಾಯಂ ನಂಬರ್ ಆದ ಯುಎಎನ್ ಬದಲಾಗುವುದಿಲ್ಲ. ಇಪಿಎಫ್ಒ ಸದಸ್ಯರ ಪೋರ್ಟಲ್‌ನಲ್ಲಿ Service History ಅಂತ ಒಂದು ಪುಟ ಇದೆ. ಆ ಯುಎಎನ್‌ಗೆ ಸೇರಿದ ಎಲ್ಲ ಕಂಪನಿಗಳ ಹೆಸರು, ಸೇರಿದ ದಿನ, ಬಿಟ್ಟ ದಿನ ಅಲ್ಲಿ ಸಾಲಾಗಿ ಇರುತ್ತವೆ. ಅದನ್ನು ಕಳಿಸಿದ ಮೇಲೆ ಹೊಸ ಕಂಪನಿಯವರು ಹೆಚ್ಚು ಮಾತಾಡಲಿಲ್ಲ. ಆದರೆ ಅಲ್ಲೂ ನನ್ನ ಹೆಸರು ಹಳೆಯದೇ ಇತ್ತು, ಆಧಾರ್‌ನಲ್ಲಿ ಹೊಸದು. ಎರಡೂ ಹೊಂದದೇ ಇದ್ದರೆ ಮುಂದೆ ದುಡ್ಡು ವರ್ಗಾವಣೆಗೆ ತೊಂದರೆ. 2025ರ ಜನವರಿಯಲ್ಲಿ ಈ ತಿದ್ದುಪಡಿಯನ್ನು ಸುಲಭ ಮಾಡಿದರು. 2017ರ ಅಕ್ಟೋಬರ್ 1ರ ನಂತರ ಆಧಾರ್ ಮೂಲಕ ಯುಎಎನ್ ಪಡೆದವರು ಹೆಸರನ್ನು ಆನ್‌ಲೈನ್‌ನಲ್ಲಿ ತಾವೇ ತಿದ್ದಬಹುದು. ನನ್ನದು ಅದಕ್ಕಿಂತ ಹಳೇ ಯುಎಎನ್. ಹಾಗಾಗಿ ಈಗಿನ ಕಂಪನಿಯವರು ಒಪ್ಪಿಗೆ ಕೊಡಬೇಕಾಯಿತು. ಅವರ ಹತ್ತಿರ ಹಳೇ ಹೆಸರಿನ ಕಥೆ ಮೊದಲೇ ದಾಖಲಾಗಿದ್ದರಿಂದ ತಡವಾಗಲಿಲ್ಲ. ಇನ್ನೊಂದು ಎಚ್ಚರಿಕೆ: ಆಧಾರ್‌ನಲ್ಲಿ ಹೆಸರು ಬದಲಿಸಲು ಜೀವನದಲ್ಲಿ ಎರಡೇ ಅವಕಾಶ. ಸ್ಪೆಲ್ಲಿಂಗ್ ನೋಡದೇ ಒಂದನ್ನು ಕಳೆಯಬೇಡಿ.

ಹಳೇ ಅನುಭವ ಪತ್ರವನ್ನು ಹೊಸ ಹೆಸರಲ್ಲಿ ಬರೆಸಿಕೊಳ್ಳೋಕೂ ಪ್ರಯತ್ನಪಟ್ಟೆ. ಆ ಕಾಲದಲ್ಲಿ ದಾಖಲೆಯಲ್ಲಿ ಇದ್ದ ಹೆಸರಲ್ಲೇ ಪತ್ರ ಕೊಡುತ್ತೇವೆ ಅಂದರು. ಮೊದಲು ಬೇಜಾರಾಯಿತು. ಆಮೇಲೆ ಯೋಚಿಸಿದರೆ ಅದೇ ಸರಿ. ಪತ್ರದಲ್ಲಿ ಒಂದು ಹೆಸರು, ರಿಜಿಸ್ಟರ್‌ನಲ್ಲಿ ಇನ್ನೊಂದು ಅಂತಾದರೆ ಮುಂದಿನ ಪರಿಶೀಲನೆಯಲ್ಲಿ ಮತ್ತೆ ಅದೇ ಫೋನ್ ಬರುತ್ತದೆ.

ಈ ಫೋನಿನ ನಂತರ ಪ್ರೊಫೈಲ್‌ನಲ್ಲಿ ಇನ್ನೊಂದು ಸಾಲು ಸೇರಿಸಿದೆ. ಆ ಕಂಪನಿಯ ಅನುಭವದ ಕೆಳಗೆ, ಕೆಲಸದ ವಿವರಕ್ಕೂ ಮೊದಲು: "ದಾಖಲೆಗಳಲ್ಲಿ ಹೆಸರು H.R. Savitha. ಕಂಪನಿಯ ಹೆಸರು ನಂತರ ಬದಲಾಗಿದೆ." ಟೋಕನ್ ನಂಬರ್ ಹಾಕಿಲ್ಲ. ಅದು ಎಲ್ಲರಿಗೂ ಕಾಣುವ ಜಾಗದಲ್ಲಿ ಇರಬೇಕಾದ್ದಲ್ಲ, ಕೇಳಿದವರಿಗೆ ಮೇಲ್‌ನಲ್ಲಿ ಕೊಟ್ಟರೆ ಸಾಕು.

ಸಿಗಬಾರದು ಅನ್ನುವವರು

ನಾನು ಇಷ್ಟೆಲ್ಲ ಹೇಳಿದ್ದನ್ನು ಗೆಳತಿಯೊಬ್ಬಳ ಮುಂದೆ ಹೇಳುತ್ತಿದ್ದಾಗ ಅವಳು ನಡುವೆ ತಡೆದಳು. ಅವಳದು ವಿಚ್ಛೇದನ ಆಗಿದೆ. ಒಂಬತ್ತು ವರ್ಷ ಗಂಡನ ಸರ್‌ನೇಮ್‌ನಲ್ಲೇ ಕೆಲಸ ಮಾಡಿದ್ದಳು. ಅವಳ ಎಲ್ಲ ಪರಿಚಯ, ಎಲ್ಲ ಸರ್ಟಿಫಿಕೇಟ್ ಆ ಹೆಸರಲ್ಲೇ. "ಬೇಡ ಅಂತ ಬಿಟ್ಟ ಹೆಸರನ್ನ ಬ್ರಾಕೆಟ್‌ನಲ್ಲಿ ಹೊತ್ಕೊಂಡು ತಿರುಗ್ಬೇಕಾ ಸವಿ?" ಅಂದಳು. ನನ್ನ ಹತ್ತಿರ ಉತ್ತರ ಇರಲಿಲ್ಲ. ನನಗೆ ಹಳೇ ಹೆಸರು ಅಪ್ಪನದು, ಊರಿನದು. ಅದು ಎಲ್ಲರಿಗೂ ಕಂಡರೆ ಖುಷಿಯೇ. ಅವಳಿಗೆ ಹಾಗಲ್ಲ.

ಅವಳು ಕೊನೆಗೆ ಮಾಡಿದ್ದು ಬೇರೆ ದಾರಿ. ಆ ಹೆಸರನ್ನು ಕನೆಕ್ಷನ್‌ಗಳಿಗೆ ಮಾತ್ರ ಕಾಣುವ ಹಾಗೆ ಆರು ತಿಂಗಳು ಇಟ್ಟಳು. ಆ ಅವಧಿಯಲ್ಲಿ ತನಗೆ ಬೇಕಾದ ನಲವತ್ತು ಜನರಿಗೆ ಒಬ್ಬೊಬ್ಬರಿಗೇ ಮೆಸೇಜ್ ಮಾಡಿದಳು. "ಹೆಸರು ಬದಲಾಗಿದೆ, ನಂಬರ್ ಇದು, ರೆಫರೆನ್ಸ್‌ಗೆ ಕೇಳಿದರೆ ಎರಡೂ ಹೆಸರಿನವಳು ನಾನೇ ಅಂತ ಹೇಳಿ" ಅಂತ. ಆರು ತಿಂಗಳು ಆದ ಮೇಲೆ ಅಳಿಸಿದಳು. ನಾನು ಕನೆಕ್ಷನ್‌ಗಳಿಗೆ ಮಾತ್ರ ಅಂತ ಇಟ್ಟು ಕಳೆದುಕೊಂಡೆ, ಅವಳಿಗೆ ಅದೇ ಆಯ್ಕೆ ಬೇಕಾಗಿತ್ತು. ಲಿಂಗ ಬದಲಾವಣೆಯ ನಂತರ ಹೊಸ ಹೆಸರು ಪಡೆದವರಿಗಂತೂ ಹಳೇ ಹೆಸರು ಎಲ್ಲರಿಗೂ ಕಾಣುವುದು ಅಪಾಯವೇ ಆಗಬಹುದು. ಅಂಥವರು ಪ್ರೊಫೈಲ್‌ನಲ್ಲಿ ಬರೆಯದೆ, ಹಳೇ ಕಂಪನಿಯ ಎಚ್ಆರ್‌ಗೆ ಮೊದಲೇ ಹೊಸ ದಾಖಲೆ ಕೊಟ್ಟಿಡುವುದು, ಪರಿಶೀಲನೆಯ ಫಾರಂನಲ್ಲಿ ಮಾತ್ರ ಹಳೇ ಹೆಸರು ಹೇಳುವುದು ಒಳ್ಳೆಯದು. ಫಾರಂ ನೋಡುವವರು ಇಬ್ಬರೋ ಮೂವರೋ. ಪ್ರೊಫೈಲ್ ನೋಡುವವರಿಗೆ ಲೆಕ್ಕ ಇಲ್ಲ.

ಒಂದು ಮೆಸೇಜ್

ಹೋದ ತಿಂಗಳು ರಾತ್ರಿ ಒಂಬತ್ತೂವರೆಗೆ ಲಿಂಕ್ಡ್‌ಇನ್‌ನಲ್ಲಿ ಒಂದು ಮೆಸೇಜ್ ಬಂತು. ಫೋಟೋ ಇಲ್ಲದ ಪ್ರೊಫೈಲ್. ಇಂಗ್ಲಿಷ್ ಅಕ್ಷರದಲ್ಲಿ ಕನ್ನಡ. "ಮೇಡಂ ನಮಸ್ತೆ. ನೀವು ಎಚ್ಆರ್ ಮೇಡಂ ತಾನೆ? ಇನ್‌ಸ್ಪೆಕ್ಷನ್‌ನಲ್ಲಿ ಇದ್ರಲ್ಲ. ನಾನು ಸಿಎನ್‌ಸಿ ಎರಡನೇ ಲೈನ್ ಆಪರೇಟರ್." ಹೆಸರು ನೋಡಿದ ತಕ್ಷಣ ಮುಖ ನೆನಪಾಯಿತು. ಮೊದಲ ಪೀಸ್ ತಂದು ನನ್ನ ಟೇಬಲ್ ಮೇಲೆ ಬಟ್ಟೆ ಹಾಸಿ ಇಡುತ್ತಿದ್ದವರು, ಗೀರು ಬೀಳಬಾರದು ಅಂತ.

ಅವರಿಗೂ ಅದೇ ಕಷ್ಟ. ಹೊಸ ಕಡೆ ಕೆಲಸಕ್ಕೆ ಹಾಕಿದ್ದಾರೆ, ಹಳೇ ಫ್ಯಾಕ್ಟರಿಯಲ್ಲಿ ಇವರನ್ನು ಕಂಡವರು ಯಾರೂ ಉಳಿದಿಲ್ಲ, ಜೊತೆಗೆ ಕೆಲಸ ಮಾಡಿದ ಒಬ್ಬರ ಹೆಸರು, ಫೋನ್ ನಂಬರ್ ಬೇಕು ಅಂದಿದ್ದಾರೆ. ನನ್ನನ್ನು ಹೇಗೆ ಹುಡುಕಿದಿರಿ ಅಂತ ಕೇಳಿದೆ. "ಮಗಳು ಹುಡುಕಿದ್ಲು ಮೇಡಂ. ಸವಿತಾ ಎಚ್ಆರ್ ಅಂತ ಹಾಕಿ ಕಂಪನಿ ಹೆಸರು ಹಾಕಿದ್ಲು. ಫೋಟೋ ನೋಡಿ ಗೊತ್ತಾಗ್ಲಿಲ್ಲ. ರಾಮಣ್ಣ ಅಂತ ಇತ್ತಲ್ಲ, ಅದು ನಿಮ್ಮ ತಂದೆ ಹೆಸರು ಅಂತ ಗೊತ್ತಿತ್ತು. ಒಂದ್ಸಲ ಅವರು ಗೇಟ್ ಹತ್ರ ಬಂದಿದ್ರು, ಹಲಸಿನಹಣ್ಣು ಕೊಟ್ಟು ಹೋಗಿದ್ರು."

ಅಪ್ಪ ಹೋಗಿ ನಾಲ್ಕು ವರ್ಷ ಆಯಿತು. ಫೋನ್ ನಂಬರ್ ಕೊಟ್ಟೆ, ಫಾರಂನಲ್ಲಿ ನನ್ನ ಎರಡೂ ಹೆಸರು ಬರೆಯೋಕೆ ಹೇಳಿದೆ. ಅವರ ಟೋಕನ್ ನಂಬರ್ ಕೇಳಿ ಬರೆದಿಟ್ಟುಕೊಂಡೆ. ಮಾರನೇ ವಾರ ಏಜೆನ್ಸಿಯಿಂದ ಫೋನ್ ಬಂತು. "ಸವಿತಾ ಪ್ರಕಾಶ್, ಮೊದಲು ಎಚ್.ಆರ್. ಸವಿತಾ, ಅಲ್ವಾ ಮ್ಯಾಮ್?" ಅಂದರು. ಹೌದು, ಇಬ್ಬರೂ ನಾನೇ ಅಂದೆ.